ಮೀಟರ್ ಸರಿ ಇದೆ, ಮಾತು ಮಾತ್ರ ಕೇಳಿಸುತ್ತಿಲ್ಲ: ಮೊದಲ ಅರ್ಧ ನಿಮಿಷದಲ್ಲೇ ನೋಡುಗರು ಎದ್ದು ಹೋದಾಗ ದೋಷ ಹುಡುಕುವುದು

ಸೈಕಲ್ ಚೈನ್ ಬಿಗಿ ಮಾಡುವುದು ಹೇಗೆ ಅಂತ ನಾನೊಂದು ವಿಡಿಯೋ ಮಾಡಿದ್ದೆ. ಉದ್ದ 8 ನಿಮಿಷ 12 ಸೆಕೆಂಡು. ಕ್ಯಾಮೆರಾ ಚೆನ್ನಾಗಿತ್ತು, ಬೆಳಕು ಚೆನ್ನಾಗಿತ್ತು, ವಿಷಯವೂ ಜನ ಹುಡುಕುವಂಥದ್ದೇ. ಆದರೆ 612 ಜನ ನೋಡಿದ ಮೇಲೆ, ಎಷ್ಟು ಜನ ಉಳಿದರು ಅಂತ ಯೂಟ್ಯೂಬ್ ತೋರಿಸುವ ಗ್ರಾಫ್ ತೆಗೆದರೆ, 30ನೇ ಸೆಕೆಂಡಿನ ಹೊತ್ತಿಗೆ ಉಳಿದಿದ್ದವರು ಶೇಕಡಾ 47 ಮಾತ್ರ. ನನ್ನ ಹಿಂದಿನ ವಿಡಿಯೋಗಳಲ್ಲಿ ಅದೇ ಜಾಗದಲ್ಲಿ ಸುಮಾರು 64 ಇರುತ್ತಿತ್ತು.

ಮೊದಲು ಟೈಟಲ್ ಬದಲಾಯಿಸಿದೆ. ಆಮೇಲೆ ಥಂಬ್‌ನೇಲ್ ಬದಲಾಯಿಸಿದೆ. ಏನೂ ಆಗಲಿಲ್ಲ. ಕಡೆಗೆ ತಂಗಿಗೆ ಫೋನ್ ಕೊಟ್ಟು, "ಮೊದಲ ಒಂದು ನಿಮಿಷ ಕೇಳಿ, ನಾನು ಹೇಳಿದ್ದನ್ನ ಬರೆದುಕೊಡು" ಅಂದೆ. ಸ್ವಲ್ಪ ಹೊತ್ತಿಗೆ ಅವಳು ತಲೆ ಎತ್ತಿ, "ಅಣ್ಣಾ, ಯಾವ ಟೈಮ್ ಕಡಿಮೆ ಆಗಿದ್ರೆ?" ಅಂತ ಕೇಳಿದಳು. ನಾನು ಹೇಳಿದ್ದು "ಚೈನ್ ಸಡಿಲ ಆಗಿದ್ರೆ" ಅಂತ.

ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ. ಸ್ವರಗಳು ಹೆಚ್ಚುಕಮ್ಮಿ ಅವೇ. ಹೋಗಿರುವುದು ವ್ಯಂಜನಗಳು: ಚ, ನ, ಸ, ಲ. ಅವಳ ಕಿವಿಗೆ ಮಾತಿನ ಸದ್ದು ಬಂದಿದೆ, ಮಾತು ಬಂದಿಲ್ಲ. ಇಡೀ ದೋಷ ಇಷ್ಟರಲ್ಲೇ ಇತ್ತು. ಅದನ್ನು ಅಳೆದು ತೋರಿಸಲು ನನಗೆ ಒಂದು ವಾರ ಹಿಡಿಯಿತು, ಯಾಕಂದ್ರೆ ಮೊದಲು ನೋಡಿದ ಮೀಟರ್ ಎಲ್ಲ ಸರಿ ಇದೆ ಅಂತಲೇ ಹೇಳುತ್ತಿತ್ತು.

ಇಡೀ ವಿಡಿಯೋದ ಲೌಡ್‌ನೆಸ್ ಅಳೆದರೆ ಸಿಗುವುದು ಏನು

ಲೌಡ್‌ನೆಸ್ ಅಂದರೆ ಕಿವಿಗೆ ಎಷ್ಟು ಜೋರಾಗಿ ಅನ್ನಿಸುತ್ತದೆ ಅನ್ನುವುದರ ಅಳತೆ. ಇದರ ಮಾನ ಲಫ್ಸ್. ಬರೀ ಎತ್ತರದ ಅಲೆ, ಅಂದರೆ ಪೀಕ್, ನೋಡಿದರೆ ಇದು ಗೊತ್ತಾಗುವುದಿಲ್ಲ. ಒಂದು ಚಪ್ಪಾಳೆಯ ಪೀಕ್ ತುಂಬಾ ಎತ್ತರ ಇರಬಹುದು, ಆದರೆ ಅದರಿಂದ ಇಡೀ ವಿಡಿಯೋ ಜೋರಾಗುವುದಿಲ್ಲ ಅಲ್ವಾ? ಲಫ್ಸ್ ಲೆಕ್ಕದಲ್ಲಿ ತೀರಾ ಕೆಳಗಿನ ಬಾಸ್‌ಗೆ ಕಡಿಮೆ ತೂಕ, ಮೇಲಿನ ಸದ್ದಿಗೆ ಸ್ವಲ್ಪ ಜಾಸ್ತಿ ತೂಕ. ಮೌನದ ಜಾಗಗಳನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಎರಡು ಲಫ್ಸ್ ಅಳತೆಗಳ ನಡುವಿನ ವ್ಯತ್ಯಾಸವನ್ನು ಎಲ್‌ಯು ಅನ್ನುತ್ತಾರೆ. ಒಂದು ಎಲ್‌ಯು ಅಂದರೆ ಒಂದು ಡೆಸಿಬೆಲ್‌ ಅಷ್ಟೇ.

ಅಳೆಯಲು ದುಡ್ಡು ಕೊಟ್ಟು ಏನೂ ಕೊಳ್ಳಬೇಕಿಲ್ಲ. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಟರ್ಮಿನಲ್‌ನಲ್ಲಿ ಈ ಆದೇಶ ಕೊಡಿ.

```
ffmpeg -nostats -vn -i video.mp4 -af ebur128=peak=true -f null -
```

ಕೊನೆಯಲ್ಲಿ ಬರುವ ಸಾರಾಂಶದಲ್ಲಿ `I:` ಅಂತ ಇರುವುದು ಇಡೀ ಫೈಲಿನ ಲೌಡ್‌ನೆಸ್. ನನ್ನದು -14.0 ಲಫ್ಸ್. ಯೂಟ್ಯೂಬ್ ಹೆಚ್ಚುಕಮ್ಮಿ -14ಕ್ಕಿಂತ ಜೋರಾಗಿರುವುದನ್ನು ಇಳಿಸುತ್ತದೆ. ಮೆಲ್ಲಗಿರುವುದನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತದೆ. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ `Stats for nerds` ತೆರೆದರೆ `content loudness` ಅಂತ ಒಂದು ಅಂಕಿ ಕಾಣುತ್ತದೆ. ಸೊನ್ನೆಯ ಹತ್ತಿರ ಇದ್ದರೆ ಅದರ ಲೆಕ್ಕದಲ್ಲಿ ನೀವು ಸರಿಯಾದ ಜಾಗದಲ್ಲಿದ್ದೀರಿ. ನನ್ನದು ಸೊನ್ನೆಯೇ ಇತ್ತು. ನಾನು ಎಡಿಟರ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ -14ಕ್ಕೆ ತಂದು ಬಿಡು ಅಂತ ಟಿಕ್ ಹಾಕಿದ್ದೆ, ಅದು ತನ್ನ ಕೆಲಸ ಮಾಡಿತ್ತು.

ಇಲ್ಲೇ ನಾನು ಎಡವಿದ್ದು. ಮಾತು ಮತ್ತು ಸಂಗೀತ ಸೇರಿ ಎಷ್ಟು ಜೋರು ಅನ್ನುವುದನ್ನಷ್ಟೇ ಈ ಅಂಕಿ ಹೇಳುತ್ತದೆ. ಅದರಲ್ಲಿ ಯಾವುದು ಎಷ್ಟು ಅಂತ ಹೇಳುವುದಿಲ್ಲ. ಸಂಗೀತ ಮಾತಿನ ಮೇಲೆ ಕೂತಿದ್ದರೂ -14 ಬರುತ್ತದೆ, ಮಾತೇ ಇಲ್ಲದಿದ್ದರೂ -14 ಬರುತ್ತದೆ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ.

ಸಮಯವನ್ನು ತುಂಡು ಮಾಡಿ ಅಳೆದಾಗ ಮೊದಲ ಸುಳಿವು ಸಿಕ್ಕಿತು. ನನ್ನ ವಿಡಿಯೋದಲ್ಲಿ ಸಂಗೀತ ಇದ್ದದ್ದು ಎರಡು ಕಡೆ: 0:05ರಿಂದ 0:48ರವರೆಗೆ, ಮತ್ತೆ 5:10ರಿಂದ 5:40ರವರೆಗೆ. ಮೊದಲ ತುಂಡನ್ನಷ್ಟೇ ಅಳೆಯಲು ಶುರುವಿನ ಜಾಗ ಮತ್ತು ಉದ್ದ ಕೊಡಬೇಕು.

```
ffmpeg -nostats -ss 5 -t 43 -vn -i video.mp4 -af ebur128 -f null -
```

ಸಂಗೀತ ಇರುವ ಕಡೆ -12.4. ಸಂಗೀತ ಇಲ್ಲದೆ ಬರೀ ಮಾತಿರುವ ಕಡೆ -14.4. ಅಂದರೆ ವಿಡಿಯೋದ ಶುರು ಉಳಿದ ಭಾಗಕ್ಕಿಂತ 2 ಎಲ್‌ಯು ಜೋರು. ನೋಡುವವರು ಮಾಡುವುದು ಏನು? ಫೋನಿನ ವಾಲ್ಯೂಮ್ ಇಳಿಸುತ್ತಾರೆ. ಇಳಿಸಿದಾಗ ಮಾತೂ ಇಳಿಯುತ್ತದೆ. ಮೊದಲೇ ಕಷ್ಟಪಟ್ಟು ಕೇಳಿಸುತ್ತಿದ್ದದ್ದು ಇನ್ನೂ ಹಿಂದಕ್ಕೆ ಹೋಗುತ್ತದೆ.

ಮಾತು ಬೇರೆ, ಸಂಗೀತ ಬೇರೆ

ಎಡಿಟರ್‌ನಲ್ಲಿ ಪ್ರಾಜೆಕ್ಟ್ ಇನ್ನೂ ಇದ್ದರೆ ಕೆಲಸ ಸುಲಭ. ಸಂಗೀತದ ಟ್ರ್ಯಾಕ್ ಮ್ಯೂಟ್ ಮಾಡಿ ಆ 43 ಸೆಕೆಂಡನ್ನು `voice.wav` ಅಂತ ತೆಗೆಯಿರಿ. ಮಾತಿನ ಟ್ರ್ಯಾಕ್ ಮ್ಯೂಟ್ ಮಾಡಿ `music.wav` ಅಂತ ತೆಗೆಯಿರಿ. ಎರಡನ್ನೂ ಮೊದಲ ಆದೇಶದಲ್ಲೇ, ಫೈಲಿನ ಹೆಸರು ಮಾತ್ರ ಬದಲಾಯಿಸಿ ಅಳೆಯಿರಿ.

ನಾನು ಮೊದಲ ಸಲ ಅಳೆದಾಗ ಮಾತು -14.0 ಬಂತು. ಸಂಗೀತವೂ -14.0 ಬಂತು. ಐದು ನಿಮಿಷ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಎಕ್ಸ್‌ಪೋರ್ಟ್‌ನ ಆ ಟಿಕ್ ಹಾಗೇ ಉಳಿದಿದೆ. ಎಡಿಟರ್ ಪಾಪ ಎರಡನ್ನೂ ಪ್ರತ್ಯೇಕವಾಗಿ -14ಕ್ಕೆ ತಂದು ಕೊಟ್ಟಿದೆ. ನಾನು ಹುಡುಕುತ್ತಿದ್ದ ವ್ಯತ್ಯಾಸವನ್ನೇ ಅಳಿಸಿಹಾಕಿದೆ. ಹೀಗೆ ಬೇರೆ ಬೇರೆ ತೆಗೆಯುವಾಗ ಲೌಡ್‌ನೆಸ್ ಸರಿಹೊಂದಿಸುವ ಆಯ್ಕೆ, ಮಾಸ್ಟರ್ ಟ್ರ್ಯಾಕ್ ಮೇಲೆ ಕೂತು ಸದ್ದಿನ ಮಟ್ಟವನ್ನು ತಾನಾಗೇ ಬದಲಾಯಿಸುವ ಲಿಮಿಟರ್, ಕಂಪ್ರೆಸರ್ ಎಲ್ಲ ಆಫ್ ಇರಬೇಕು.

ಆಫ್ ಮಾಡಿ ತೆಗೆದಾಗ ನಿಜವಾದ ಅಂಕಿ ಬಂತು. ಮಾತು -18.4 ಲಫ್ಸ್, ಸಂಗೀತ -20.8 ಲಫ್ಸ್. ಎಕ್ಸ್‌ಪೋರ್ಟ್ ಆಗುವಾಗ ಎರಡೂ 4 ಡಿಬಿ ಮೇಲೆ ಹೋಗಿದ್ದವು, ಆದರೆ ನಡುವಿನ ಅಂತರ ಬದಲಾಗುವುದಿಲ್ಲ. ಅಂತರ 2.4 ಎಲ್‌ಯು. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಹೆಚ್ಚುಕಮ್ಮಿ ಅಷ್ಟೇ ಜೋರಾಗಿ ವಾದ್ಯ ನುಡಿಸಿದಂತೆ.

ಎಷ್ಟಿರಬೇಕು ಅನ್ನುವುದಕ್ಕೆ ಒಂದು ಆಧಾರ ಇದೆ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಬೇಕು ಅಂತ ಮಾಡಿರುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯ 1.4.7ನೇ ಅಂಶದಲ್ಲಿ, ಬರೀ ಆಡಿಯೋ ಇರುವ ರೆಕಾರ್ಡಿಂಗ್‌ನಲ್ಲಿ ಹಿನ್ನೆಲೆ ಸದ್ದು ಮುಂದಿನ ಮಾತಿಗಿಂತ ಕನಿಷ್ಠ 20 ಡೆಸಿಬೆಲ್ ಕೆಳಗಿರಬೇಕು ಅಂತಿದೆ. ಒಂದೆರಡು ಸೆಕೆಂಡು ಬಂದು ಹೋಗುವ ಸದ್ದಿಗೆ ವಿನಾಯಿತಿ. ಇದು ಅವರ ಅತಿ ಕಟ್ಟುನಿಟ್ಟಿನ ಹಂತದ ನಿಯಮ. ನನ್ನ ಅನುಭವದಲ್ಲಿ ಹೇಳಿಕೊಡುವ ವಿಡಿಯೋಗೆ 15ರಿಂದ 20 ಇದ್ದರೆ ಸಾಕು. 10ಕ್ಕಿಂತ ಕೆಳಗೆ ಬಂದರೆ ಫೋನ್ ಸ್ಪೀಕರ್‌ನಲ್ಲಿ ಕಷ್ಟ. 2.4 ಅಂದರೆ ಮಾತಾಡುವ ಹಾಗೇ ಇಲ್ಲ.

ಪ್ರಾಜೆಕ್ಟ್ ಇಲ್ಲ, ಮುಗಿದ ಫೈಲ್ ಮಾತ್ರ ಇದೆ ಅಂದರೆ? ಆಗ ಮಾತಿನ ನಡುವೆ ಬಿಡುವು ಇರುವ ಜಾಗ ಹುಡುಕಬೇಕು. ಅಲ್ಲಿ ಉಳಿಯುವುದು ಸಂಗೀತ ಮಾತ್ರ. ಇಡೀ ಫೈಲ್ ಅಳೆಯುವ ಮೊದಲ ಆದೇಶ ಓಡುವಾಗ ಸಾಲು ಸಾಲಾಗಿ ಅಂಕಿ ಬರುತ್ತವಲ್ಲ, ಅದರಲ್ಲಿ `M:` ಅನ್ನುವುದು 400 ಮಿಲಿಸೆಕೆಂಡಿನ ಲೌಡ್‌ನೆಸ್, `S:` ಅನ್ನುವುದು 3 ಸೆಕೆಂಡಿನದು. ಬಿಡುವು ಹಿಡಿಯಲು `M` ಬೇಕು. `S` ನಿಧಾನ, ಅದರೊಳಗೆ ಅಕ್ಕಪಕ್ಕದ ಮಾತು ಸೇರಿಹೋಗುತ್ತದೆ. ನನ್ನ ವಿಡಿಯೋದಲ್ಲಿ 11ನೇ ಸೆಕೆಂಡಿನ ಹತ್ತಿರ ನಾನು ಬಗ್ಗಿ ಪಾನಾ ಎತ್ತಿಕೊಳ್ಳುತ್ತೇನೆ, ಒಂದು ಸೆಕೆಂಡು ಮಾತಿಲ್ಲ. ಅಲ್ಲಿನ ಸಾಲುಗಳಲ್ಲಿ ಬೇಕಾದದ್ದಷ್ಟೇ ಇಲ್ಲಿ ಕೊಟ್ಟಿದ್ದೇನೆ.

```
t: 10.3   M: -12.1
t: 11.0   M: -15.3
t: 11.4   M: -16.9
t: 12.1   M: -12.6
```

ಬಿಡುವಿನಲ್ಲಿ ಅಂಕಿ -16.9ಕ್ಕೆ ಬಂದು ನಿಂತಿದೆ. ಸಂಗೀತ ಬೇರೆ ಅಳೆದಾಗ ಬಂದ -20.8ಕ್ಕೆ ಎಕ್ಸ್‌ಪೋರ್ಟ್‌ನ 4 ಸೇರಿಸಿ, -16.8 ಬರುತ್ತದೆ. ಹೊಂದುತ್ತದೆ. ಬಿಡುವಿನಲ್ಲಿ ಅಂಕಿ ಬರೀ ನಾಲ್ಕೈದು ಎಲ್‌ಯು ಇಳಿದರೆ ಹಿನ್ನೆಲೆ ಜಾಸ್ತಿ ಅಂತ ಅಲ್ಲೇ ಹೇಳಿಬಿಡಬಹುದು. ಒಂದೇ ಎಚ್ಚರಿಕೆ: ಮಾತು ಬಂದಾಗ ಸಂಗೀತ ತಾನಾಗೇ ತಗ್ಗುವ ಡಕ್ಕಿಂಗ್ ಹಾಕಿದ್ದರೆ, ಬಿಡುವಿನಲ್ಲಿ ಸಂಗೀತ ಮತ್ತೆ ಮೇಲೆ ಏಳುತ್ತದೆ. ಆಗ ಈ ವಿಧಾನ ಸಂಗೀತವನ್ನು ಇರುವುದಕ್ಕಿಂತ ಜೋರಾಗಿ ತೋರಿಸುತ್ತದೆ.

ಮಂಕು ಮಾತು ಅಳೆಯುವುದು

ಸಂಗೀತ ಇಳಿಸಿದರೆ ಮುಗಿಯಿತು ಅಂದುಕೊಂಡೆ. 16 ಡಿಬಿ ಇಳಿಸಿ ತಂಗಿಗೆ ಕೇಳಿಸಿದೆ. "ಈಗ ಪರವಾಗಿಲ್ಲ, ಆದ್ರೆ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಿದೆ" ಅಂದಳು. ಅವಳು ಸುಮ್ನೆ ಹೇಳಿದ್ದಲ್ಲ, ಅದು ಹೆಚ್ಚುಕಮ್ಮಿ ನಿಜವೇ ಆಗಿತ್ತು. ಅವತ್ತು ಚಳಿ ಅಂತ ಕಾಲರ್ ಮೈಕನ್ನು ಜಾಕೆಟ್ ಒಳಗೆ ಸಿಕ್ಕಿಸಿದ್ದೆ.

ಸ್ವರಗಳ ಬಲ ಹೆಚ್ಚಾಗಿ 1000 ಹರ್ಟ್ಜ್‌ಗಿಂತ ಕೆಳಗಿರುತ್ತದೆ. ಮಾತು ಜೋರು ಅನ್ನಿಸುವುದು ಅದರಿಂದ. ಒಂದು ಪದ ಇನ್ನೊಂದರಿಂದ ಬೇರೆ ಅಂತ ತಿಳಿಯುವುದು ವ್ಯಂಜನಗಳಿಂದ, ಮುಖ್ಯವಾಗಿ 2000 ಹರ್ಟ್ಜ್‌ನಿಂದ ಮೇಲೆ. ಸ, ಶ, ಚ, ಟ ಎಲ್ಲ ಅಲ್ಲಿವೆ. ಬಟ್ಟೆ ಕೆಳಗಿನ ಸದ್ದನ್ನು ಬಿಡುತ್ತದೆ, ಮೇಲಿನದನ್ನು ಹೀರಿಕೊಳ್ಳುತ್ತದೆ. ಇನ್ನು ಫೋನಿನ ಚಿಕ್ಕ ಸ್ಪೀಕರ್ ಕೆಳಗಿನ ಸದ್ದನ್ನು ಸರಿಯಾಗಿ ನುಡಿಸುವುದೇ ಇಲ್ಲ. ಬಟ್ಟೆ ಮೇಲಿನದನ್ನು ತಿಂದಿತು, ಫೋನ್ ಕೆಳಗಿನದನ್ನು ತಿಂದಿತು. ಉಳಿಯುವುದು ಗೊಣಗಾಟ. ನಾನು ಎಡಿಟ್ ಮಾಡಿದ್ದು ದೊಡ್ಡ ಹೆಡ್‌ಫೋನ್ ಹಾಕಿಕೊಂಡು. ಅದರಲ್ಲೂ ನನಗೆ ಏನು ಹೇಳಿದ್ದೀನಿ ಅಂತ ಬಾಯಿಪಾಠ ಇತ್ತು. ಹೋದ ಅಕ್ಷರಗಳನ್ನು ನನ್ನ ತಲೆಯೇ ತುಂಬಿಕೊಂಡಿತ್ತು.

ಇದನ್ನು ಅಂಕಿಯಲ್ಲಿ ಹಿಡಿಯಲು ಮಾತಿನ ಫೈಲನ್ನು ಎರಡು ಪಟ್ಟಿಯಾಗಿ ಸೋಸಿ ಅಳೆಯುತ್ತೇನೆ. ಮೊದಲನೆಯದು ಸ್ವರಗಳ ಪಟ್ಟಿ, ಎರಡನೆಯದು ವ್ಯಂಜನಗಳ ಪಟ್ಟಿ.

```
ffmpeg -i voice.wav -af "highpass=f=150,lowpass=f=1000,lowpass=f=1000,volumedetect" -f null -
ffmpeg -i voice.wav -af "highpass=f=2000,highpass=f=2000,lowpass=f=6000,volumedetect" -f null -
```

ಒಂದೇ ಸೋಸು ಎರಡೆರಡು ಸಲ ಬರೆದಿರುವುದು ತಪ್ಪಲ್ಲ. ಒಂದು ಸಲ ಹಾಕಿದರೆ ಅದರ ಇಳಿಜಾರು ನಿಧಾನ, ಜೋರಾದ ಸ್ವರಗಳು ಮೇಲಿನ ಪಟ್ಟಿಗೂ ಸೋರಿ ಬರುತ್ತವೆ. ಮಂಕು ಮಾತಿನಲ್ಲಿ ಆ ಸೋರಿಕೆಯೇ ವ್ಯಂಜನಕ್ಕಿಂತ ಜಾಸ್ತಿ ಆಗಿ ಅಂಕಿಯನ್ನು ಕೆಡಿಸುತ್ತದೆ.

ನೋಡಬೇಕಾದದ್ದು `mean_volume` ಸಾಲು. ಈ ಅಂಕಿಯನ್ನು ಲಫ್ಸ್ ಜೊತೆ ಹೋಲಿಸಬೇಡಿ, ಅಳತೆಯೇ ಬೇರೆ. ಎರಡು `mean_volume` ನಡುವಿನ ಅಂತರ ಮಾತ್ರ ಬೇಕು. ನನ್ನ ವಿಡಿಯೋದಲ್ಲಿ ಸ್ವರಗಳ ಪಟ್ಟಿ -22.6 ಡಿಬಿ, ವ್ಯಂಜನಗಳ ಪಟ್ಟಿ -46.5 ಡಿಬಿ. ಅಂತರ ಹತ್ತಿರ ಹತ್ತಿರ 24. ಅದೇ ಮೈಕ್‌ನಲ್ಲಿ, ಜಾಕೆಟ್ ಇಲ್ಲದೆ ಮಾಡಿದ ಹಳೇ ವಿಡಿಯೋದಲ್ಲಿ ಅಂತರ 13. ಅಂದರೆ ವ್ಯಂಜನಗಳು 11 ಡಿಬಿ ಕಳೆದುಕೊಂಡಿವೆ.

13 ಸರಿ, 24 ತಪ್ಪು ಅಂತ ಇದನ್ನೊಂದು ನಿಯಮ ಮಾಡಿಕೊಳ್ಳಬೇಡಿ. ದನಿ ದನಿಗೂ, ಮೈಕ್ ಮೈಕ್‌ಗೂ ಇದು ಬದಲಾಗುತ್ತದೆ. ನಿಮ್ಮದೇ ಚೆನ್ನಾಗಿರುವ ಒಂದು ರೆಕಾರ್ಡಿಂಗ್ ಇಟ್ಟುಕೊಂಡು ಅದರ ಜೊತೆ ಹೋಲಿಸಿ. ಇನ್ನೊಂದು ವಿಷಯ, ಫ್ಯಾನ್ ಅಥವಾ ಮೈಕ್‌ನ ಹಿಸ್ ಸದ್ದು ಜಾಸ್ತಿ ಇದ್ದರೆ ಅದು ಮೇಲಿನ ಪಟ್ಟಿಯನ್ನು ತುಂಬಿ, ಮಂಕು ಮಾತನ್ನೂ ಸ್ಪಷ್ಟ ಅಂತ ತೋರಿಸಿಬಿಡುತ್ತದೆ. ಬಿಡುವಿಲ್ಲದೆ ಮಾತಾಡಿರುವ ಇಪ್ಪತ್ತು ಸೆಕೆಂಡು ಆರಿಸಿಕೊಂಡರೆ ಈ ತೊಂದರೆ ಕಡಿಮೆ.

ಈಗ ಅದೇ ಎರಡನೇ ಆದೇಶವನ್ನು `music.wav` ಮೇಲೆ ಓಡಿಸಿ. ನನಗೆ ಎಲ್ಲಕ್ಕಿಂತ ಕಣ್ಣು ತೆರೆಸಿದ ಅಂಕಿ ಇದು. ಸಂಗೀತದ ಮೇಲಿನ ಪಟ್ಟಿ -35.4 ಡಿಬಿ. ನನ್ನ ವ್ಯಂಜನಗಳು -46.5. ಒಟ್ಟು ಲೌಡ್‌ನೆಸ್ ಲೆಕ್ಕದಲ್ಲಿ ಮಾತು 2.4 ಮೇಲಿತ್ತು, ಆದರೆ ಪದ ಗುರುತಿಸಬೇಕಾದ ಜಾಗದಲ್ಲಿ ಸಂಗೀತ ಮಾತಿಗಿಂತ 11 ಡಿಬಿ ಮೇಲೆ ಕೂತಿತ್ತು. ಆ ಟ್ರ್ಯಾಕ್‌ನಲ್ಲಿ ತಂತಿ ಮೀಟುವ ಗಿಟಾರ್ ಇತ್ತು, ಜೊತೆಗೆ ಗಿಲಕಿಯಂಥ ತಾಳ. ಎರಡೂ ನೇರ ವ್ಯಂಜನಗಳ ಜಾಗದಲ್ಲೇ ಬಡಿಯುತ್ತಿದ್ದವು. ಸಂಗೀತವನ್ನು 16 ಡಿಬಿ ಇಳಿಸಿದ ಮೇಲೂ ಅಲ್ಲಿ ಮಾತಿಗೆ ಸಿಕ್ಕಿದ್ದು ಬರೀ 5 ಡಿಬಿ ಮೇಲುಗೈ. ತಂಗಿ ಕಂಬಳಿ ಅಂದಿದ್ದು ಯಾಕೆ ಅಂತ ಆಗ ಅರ್ಥ ಆಯಿತು.

ಮಂಕಾಗಲು ಬಟ್ಟೆ ಒಂದೇ ಕಾರಣ ಅಲ್ಲ. ಯಾವ ಹೊತ್ತಿನಲ್ಲಿ ಎಷ್ಟು ಹರ್ಟ್ಜ್‌ನ ಸದ್ದು ಇದೆ ಅಂತ ಬಣ್ಣದಲ್ಲಿ ತೋರಿಸುವ ಸ್ಪೆಕ್ಟ್ರೋಗ್ರಾಂ ಚಿತ್ರ ತೆಗೆದು ನೋಡಿದರೆ ಬೇರೆ ಕಾರಣಗಳೂ ಕಾಣುತ್ತವೆ.

```
ffmpeg -i voice.wav -lavfi showspectrumpic=s=1024x512 spec.png
```

ಬಟ್ಟೆಯಿಂದ ಆಗಿದ್ದರೆ ಬಣ್ಣ ಮೇಲೆ ಹೋಗುತ್ತಾ ಮೆಲ್ಲಗೆ ಮಾಸುತ್ತದೆ. ಚಾಕುವಿನಿಂದ ಕತ್ತರಿಸಿದ ಹಾಗೆ 4000 ಅಥವಾ 8000 ಹರ್ಟ್ಜ್‌ನಲ್ಲಿ ನಿಂತುಬಿಟ್ಟಿದ್ದರೆ ರೆಕಾರ್ಡಿಂಗೇ ಕಡಿಮೆ ಸ್ಯಾಂಪಲ್ ದರದಲ್ಲಿ ಆಗಿದೆ. ಬ್ಲೂಟೂತ್ ಇಯರ್‌ಫೋನ್ ಅನ್ನು ಮೈಕ್ ಆಗಿ ಬಳಸಿದಾಗ ಅದು ಫೋನ್ ಕರೆಯ ಕ್ರಮಕ್ಕೆ ಹೋಗಿ ಹೀಗಾಗುವುದು ತುಂಬಾ ಸಾಮಾನ್ಯ. ಮಾತಿನ ನಡುವೆ ತೂತು ತೂತಾಗಿ ಕಂಡರೆ ನಾಯ್ಸ್ ರಿಡಕ್ಷನ್ ಜಾಸ್ತಿ ಆಗಿದೆ, ಅದನ್ನು ಆಫ್ ಮಾಡಿ ಮತ್ತೆ ಅಳೆಯಿರಿ.

ಫೋನ್‌ನಲ್ಲಿ ಮಾತ್ರ ಮಾತು ಮಾಯ, ಹೆಡ್‌ಫೋನ್‌ನಲ್ಲಿ ಚೆನ್ನಾಗಿದೆ ಅಂದರೆ ಎಡಬಲ ಚಾನೆಲ್‌ಗಳು ಒಂದನ್ನೊಂದು ಕಳೆಯುತ್ತಿರಬಹುದು. ಮಾತಿನ ಫೈಲನ್ನು `-ac 1` ಕೊಟ್ಟು ಮೊದಲು ಒಂದು ಮೋನೋ ಫೈಲ್ ಮಾಡಿಕೊಳ್ಳಿ, ಆಮೇಲೆ ಆ ಫೈಲಿನ ಲಫ್ಸ್ ಅಳೆಯಿರಿ. 3 ಎಲ್‌ಯು ಇಳಿಯುವುದು ಸಹಜ, ಎರಡು ಚಾನೆಲ್ ಹೋಗಿ ಒಂದಾದ ಲೆಕ್ಕ ಅದು. 10 ಇಳಿದರೆ ಫೇಸ್ ತಿರುಗಿದೆ, ಅಂದರೆ ಒಂದು ಚಾನೆಲ್‌ನ ಅಲೆ ಉಲ್ಟಾ ಆಗಿದೆ ಅಂತ ಅರ್ಥ. ಎಡಿಟರ್‌ನಲ್ಲಿ ಒಂದು ಚಾನೆಲ್ ತಿರುಗಿಸಿ, ಇಲ್ಲವೇ ಒಂದನ್ನೇ ಇಟ್ಟುಕೊಳ್ಳಿ.

ಜನ ಹೋಗಿದ್ದು ಇದರಿಂದಲೇನಾ?

ಸದ್ದು ಕೆಟ್ಟಿದೆ, ಜನ ಹೋಗಿದ್ದಾರೆ. ಎರಡೂ ನಿಜ. ಒಂದರಿಂದ ಇನ್ನೊಂದು ಆಯಿತು ಅಂತ ಹೇಳಲು ಇಷ್ಟು ಸಾಲದು. ಟೈಟಲ್‌ನಲ್ಲಿ ಹೇಳಿದ್ದು ಸಿಗದೆ ಹೋದರೂ, ಪೀಠಿಕೆ ಉದ್ದ ಆದರೂ ಜನ ಇದೇ ಅರ್ಧ ನಿಮಿಷದಲ್ಲಿ ಹೋಗುತ್ತಾರೆ.

ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡುಗರು ಎಷ್ಟು ಉಳಿದರು ಅನ್ನುವ ಗ್ರಾಫ್ ಇದೆ. ಅದರ ಪಕ್ಕ ಸಂಗೀತ ಶುರುವಾಗುವ, ನಿಲ್ಲುವ ಸಮಯ ಬರೆದುಕೊಳ್ಳಿ. ಮೊದಲ ಐದು ಸೆಕೆಂಡು ಲೆಕ್ಕಕ್ಕೆ ಬೇಡ. ತಪ್ಪಿ ಒತ್ತಿದವರು, ಇದಲ್ಲ ಅಂತ ಕಂಡವರು ಅಲ್ಲಿ ಹೇಗೂ ಹೋಗುತ್ತಾರೆ. ಆಮೇಲೆ ನೇರ ಶೇಕಡಾ ನೋಡುವ ಬದಲು, ಆ ತುಂಡು ಶುರುವಾದಾಗ ಇದ್ದ ನೂರು ಜನರಲ್ಲಿ ಎಷ್ಟು ಜನ ಹೋದರು ಅಂತ ಲೆಕ್ಕ ಹಾಕಿ.

ನನ್ನದು ಹೀಗಿತ್ತು. 0:05ರಲ್ಲಿ 89, ಸಂಗೀತ ನಿಂತ 0:48ರಲ್ಲಿ 40. ಅಂದರೆ ಆ 43 ಸೆಕೆಂಡಿನಲ್ಲಿ ನೂರಕ್ಕೆ 55 ಜನ ಎದ್ದು ಹೋದರು. ಮುಂದಿನ 43 ಸೆಕೆಂಡಿನಲ್ಲಿ, ಸಂಗೀತ ಇಲ್ಲದೆ, 40 ಇದ್ದದ್ದು 38 ಆಯಿತು. ನೂರಕ್ಕೆ ಐದು ಜನ. ಹಳೇ ವಿಡಿಯೋಗಳಲ್ಲಿ ಅದೇ ಮೊದಲ 43 ಸೆಕೆಂಡಿಗೆ ನೂರಕ್ಕೆ ಸುಮಾರು 33 ಹೋಗುತ್ತಿದ್ದರು. ಶುರುವಿನಲ್ಲಿ ಒಂದಷ್ಟು ಜನ ಹೋಗುವುದು ರೂಢಿಯೇ. ಆ ರೂಢಿಗಿಂತ ಮೇಲಿನ 22 ಜನರಿಗೆ ಕಾರಣ ಬೇಕು.

ಇಲ್ಲಿಯವರೆಗೂ ಪೀಠಿಕೆ ಕೆಟ್ಟದಾಗಿತ್ತು ಅಂತ ಯಾರಾದರೂ ವಾದ ಮಾಡಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು 5:10ರಲ್ಲಿ. ಅಲ್ಲಿ ಮತ್ತೆ ಅದೇ ಸಂಗೀತ ಅದೇ ಮಟ್ಟದಲ್ಲಿ ಅರ್ಧ ನಿಮಿಷ ಬರುತ್ತದೆ. ಅಲ್ಲಿ ನಾನು ಹೇಳುತ್ತಿರುವುದು ಅದರ ಹಿಂದೆ ಮುಂದೆ ಹೇಳಿದಂಥದ್ದೇ, ನಟ್ಟು ಬಿಗಿ ಮಾಡುವ ಕೆಲಸ. ಐದು ನಿಮಿಷ ಕೂತು ನೋಡಿದವರಿಗೆ ಟೈಟಲ್ ಮೇಲೆ ತಕರಾರು ಇರುವುದಿಲ್ಲ. ಅಂಥವರು 4:40ರಿಂದ 5:10ರವರೆಗೆ 32ರಿಂದ 31ಕ್ಕೆ ಇಳಿದಿದ್ದರು. ಸಂಗೀತ ಬಂದ ಅರ್ಧ ನಿಮಿಷದಲ್ಲಿ 31ರಿಂದ 26. ಸಂಗೀತ ನಿಂತ ಮೇಲಿನ ಅರ್ಧ ನಿಮಿಷದಲ್ಲಿ 26ರಿಂದ 25. 612ರಲ್ಲಿ ಐದು ಶೇಕಡಾ ಅಂದರೆ ಮೂವತ್ತು ಜನ. ದೊಡ್ಡ ಸಂಖ್ಯೆ ಅಲ್ಲ, ಆದರೆ ಹಿಂದೆ ಮುಂದೆ ಆರೇಳು ಜನ ಹೋಗುತ್ತಿದ್ದ ಕಡೆ ಮೂವತ್ತು.

ಹೀಗೆ ವಿಡಿಯೋದ ನಡುವೆ ಅದೇ ದೋಷ ಇನ್ನೊಮ್ಮೆ ಬಂದಿದೆಯಾ ಅಂತ ಮೊದಲು ಹುಡುಕಿ. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಅದು ಇಲ್ಲದಿದ್ದರೆ, ಯಾವ ಸಾಧನದಲ್ಲಿ ಎಷ್ಟು ಹೊತ್ತು ನೋಡಿದರು ಅನ್ನುವ ಅಂಕಿ ನೋಡಬಹುದು. ಹಳೇ ವಿಡಿಯೋಗಳಿಗೆ ಹೋಲಿಸಿದರೆ ಫೋನ್‌ನವರು ಮಾತ್ರ ಬೇಗ ಹೋಗಿ, ಕಂಪ್ಯೂಟರ್‌ನವರು ಎಂದಿನಂತೆ ಉಳಿದಿದ್ದರೆ ಸಂಶಯ ಸದ್ದಿನ ಕಡೆ ವಾಲುತ್ತದೆ. ಗ್ರಾಫ್‌ನಲ್ಲಿ ಚಿಕ್ಕ ಉಬ್ಬು ಕಂಡರೆ, ಜನ ಹಿಂದಕ್ಕೆ ಹೋಗಿ ಮತ್ತೆ ಕೇಳಿರಬಹುದು. ಆದರೆ ಕೈಚಳಕ ನೋಡಲು ಹಿಂದೆ ಹೋದರೂ ಅದೇ ಉಬ್ಬು ಬರುತ್ತದೆ, ಅದಕ್ಕೆ ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ.

ಗ್ರಾಫ್‌ನ ಮಿತಿಯೂ ತಿಳಿದಿರಲಿ. ಈ ಅಂಕಿಗಳನ್ನು, ಬೇರೆ ಪ್ರೋಗ್ರಾಂಗಳಿಗೆ ಯೂಟ್ಯೂಬ್ ಅಂಕಿ ಕೊಡುವ ಎಪಿಐ ಮೂಲಕ ತೆಗೆದರೆ ಇಡೀ ವಿಡಿಯೋಗೆ 100 ಬಿಂದು ಸಿಗುತ್ತವೆ. ನನ್ನ ವಿಡಿಯೋಗೆ ಅದು ಐದು ಸೆಕೆಂಡಿಗೊಂದು. ಹಾಗಾಗಿ 12ನೇ ಸೆಕೆಂಡಿನ ಇಂಥದ್ದೇ ಪದಕ್ಕೆ ಜನ ಹೋದರು ಅಂತ ಹೇಳುವ ಹಾಗಿಲ್ಲ. ಇನ್ನು 612 ಜನರಲ್ಲಿ ಶೇಕಡಾ 47 ಅನ್ನುವ ಅಂಕಿ ಆಚೀಚೆ ನಾಲ್ಕು ಅಲ್ಲಾಡಬಹುದು. 64ಕ್ಕೂ 47ಕ್ಕೂ ಇರುವ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು. ಬರೀ ಐವತ್ತು ಜನ ನೋಡಿದ ವಿಡಿಯೋದಲ್ಲಿ ಇದೇ ಲೆಕ್ಕಕ್ಕೆ ಕೂರಬೇಡಿ.

ಸರಿ ಮಾಡಿದ್ದು

ಸಂಗೀತವನ್ನು 16 ಡಿಬಿ ಇಳಿಸಿದ್ದು ಆಗಲೇ ಹೇಳಿದೆ. ಅಂತರ 18.4 ಎಲ್‌ಯು ಆಯಿತು. ಮಾತಿಗೆ ಈಕ್ವಲೈಜರ್‌ನಲ್ಲಿ 300 ಹರ್ಟ್ಜ್ ಸುತ್ತ 3 ಡಿಬಿ ತೆಗೆದೆ, 3000ದಿಂದ ಮೇಲೆ ಮೆಲ್ಲಗೆ 6 ಡಿಬಿ ಏರಿಸಿದೆ. ಮೇಲಿನ ಪಟ್ಟಿ ಮತ್ತೆ ಅಳೆದಾಗ -41.5. ಸಂಗೀತಕ್ಕಿಂತ ಈಗ 10 ಡಿಬಿ ಮೇಲೆ. ಇನ್ನೂ ಏರಿಸಲು ಹೋದೆ, ಆಗ ಹಿಸ್ ಸದ್ದು ಕೇಳಲು ಶುರುವಾಯಿತು. ಮೈಕ್‌ಗೆ ಬರದೇ ಇದ್ದ ಅಕ್ಷರವನ್ನು ಈಕ್ವಲೈಜರ್ ಹುಟ್ಟಿಸುವುದಿಲ್ಲ, ಬಂದಿರುವ ಗದ್ದಲವನ್ನು ಮಾತ್ರ ದೊಡ್ಡದು ಮಾಡುತ್ತದೆ.

ಕೆಲಸದ ಕ್ರಮವೂ ಮುಖ್ಯ. ಮೊದಲು ಮಾತಿನ ಈಕ್ವಲೈಜರ್, ಆಮೇಲೆ ಸಂಗೀತದ ಮಟ್ಟ, ಕೊನೆಗೆ ಇಡೀ ಫೈಲನ್ನು -14ಕ್ಕೆ ತರುವುದು. ಲಫ್ಸ್ ಲೆಕ್ಕ ಮೇಲಿನ ಸದ್ದಿಗೆ ತೂಕ ಜಾಸ್ತಿ ಕೊಡುವುದರಿಂದ ಈಕ್ವಲೈಜರ್ ಮುಟ್ಟಿದ ಕೂಡಲೇ ಮಾತಿನ ಅಂಕಿ ಬದಲಾಗುತ್ತದೆ. ಉಲ್ಟಾ ಮಾಡಿದರೆ ಎಲ್ಲ ಅಳತೆ ಮತ್ತೆ ಮಾಡಬೇಕು.

ಅಪ್‌ಲೋಡ್ ಆದ ವಿಡಿಯೋದ ಫೈಲ್ ಬದಲಾಯಿಸಲು ಯೂಟ್ಯೂಬ್ ಬಿಡುವುದಿಲ್ಲ. ಸರಿ ಮಾಡಿದ್ದನ್ನು ಹೊಸದಾಗಿ ಹಾಕಿದೆ. ಅದರಲ್ಲಿ 30ನೇ ಸೆಕೆಂಡಿಗೆ 61 ಉಳಿದರು. ನೋಡಿದ ಜನರೇ ಬೇರೆ, ಬಂದ ದಾರಿಯೇ ಬೇರೆ, ಆದ್ದರಿಂದ 47ರಿಂದ 61 ಅಂತ ನೇರ ಹೋಲಿಸಿ ಬೀಗುವ ಹಾಗಿಲ್ಲ. ನಾನು ನೋಡಿದ್ದು 5:10ರ ಜಾಗ. ಅಲ್ಲಿನ ಇಳಿತ ಅಕ್ಕಪಕ್ಕದ ಅರ್ಧ ನಿಮಿಷಗಳ ಹಾಗೇ ಇತ್ತು.

ಮುಂದಿನ ವಿಡಿಯೋಗೆ ಮೈಕನ್ನು ಜಾಕೆಟ್ ಹೊರಗೆ, ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದೆ. ಎರಡು ಪಟ್ಟಿಗಳ ಅಂತರ 14 ಬಂತು, ಈಕ್ವಲೈಜರ್ ಮುಟ್ಟಲೇ ಇಲ್ಲ. ತಂಗಿಗೆ ಮತ್ತೆ ಫೋನ್ ಕೊಟ್ಟು ಹತ್ತು ಸಾಲು ಬರೆಸಿದೆ. ಎಂಟು ಸರಿ. ತಪ್ಪಿದ ಎರಡು ಸಾಲು ಯಾವುವು ಅಂತ ನೋಡಿದರೆ, ಎರಡೂ ಕಡೆ ನಾನು ಮುಖ ತಿರುಗಿಸಿ ಹಿಂದಿನ ಚಕ್ರದ ಕಡೆ ನೋಡುತ್ತಾ ಮಾತಾಡಿದ್ದೇನೆ. ಆ ಎರಡು ಸಾಲನ್ನು ಮತ್ತೆ ರೆಕಾರ್ಡ್ ಮಾಡಿ ಸೇರಿಸಿದೆ.